ತಲೆಸುತ್ತು, ಉರಿ, ಗ್ಯಾಸ್: ಡಾಕ್ಟರಿಗೆ ಹೇಳುವುದು ಹೇಗೆ?

ಕನ್ನಡ ಬಾರದ ಡಾಕ್ಟರ ಮುಂದೆ ಅಮ್ಮನ ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ ಹೆಚ್ಚಾಗಿ ಮಗಳದೋ ಸೊಸೆಯದೋ ಆಗಿರುತ್ತದೆ. ಅಮ್ಮ ‘ತಲೆಸುತ್ತು’ ಎಂದರೆ ಮಗಳು ‘ಗಿಡ್ಡಿನೆಸ್’ ಎನ್ನುತ್ತಾಳೆ. ಅದು ತಪ್ಪಲ್ಲ, ಆದರೆ ಡಾಕ್ಟರಿಗೆ ಅಷ್ಟು ಸಾಲದು.

ಅಮ್ಮನನ್ನೇ ಇನ್ನೊಂದು ಮಾತು ಕೇಳಿ ನೋಡಿ. ‘ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೆ ಮನೆಯೇ ಗಿರ್ರನೆ ತಿರುಗುತ್ತೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ, ವಾಕರಿಕೆ ಬರುತ್ತೆ’ ಎಂದರೆ ಅದು ವರ್ಟಿಗೊ. ಒಳಗಿವಿಯಲ್ಲಿರುವ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು ಸರಿದಾಗ ಹೀಗಾಗುವುದುಂಟು. ಹಾಗಿದ್ದರೆ ತಲೆಯನ್ನು ಕ್ರಮವಾಗಿ ತಿರುಗಿಸಿ ಡಾಕ್ಟರೇ ಸರಿಪಡಿಸಬಲ್ಲರು. ‘ಕೂತವಳು ಎದ್ದರೆ ಕಣ್ಣು ಕತ್ತಲೆ ಕಟ್ಟುತ್ತೆ’ ಎಂದರೆ ಲೈಟ್‌ಹೆಡೆಡ್. ಆಗ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡುತ್ತಾರೆ. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೆ ಬಿಪಿ ಮಾತ್ರೆಯ ಪ್ರಮಾಣದಿಂದ ಹಿಡಿದು ಕುಡಿಯುವ ನೀರಿನವರೆಗೆ ವಿಚಾರಿಸುತ್ತಾರೆ. ತಲೆ ಏನೂ ತಿರುಗದೆ ನಡೆಯುವಾಗ ಮಾತ್ರ ತೂರಾಡಿದಂತಾದರೆ ‘ಅನ್‌ಸ್ಟೆಡಿ’ ಎನ್ನಬೇಕು. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಎರಡಾಗಿ ಕಂಡರೆ ಪದ ಹುಡುಕುತ್ತ ಕೂರಬೇಡಿ. ಅದು ಪಾರ್ಶ್ವವಾಯುವಿನ ಸೂಚನೆ ಇರಬಹುದು, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ಉರಿಯ ವಿಷಯದಲ್ಲಿ ಜಾಗ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಊಟವಾದ ಮೇಲೆ ಎದೆಮೂಳೆಯ ಹಿಂದೆ ಉರಿದು ಗಂಟಲಿಗೆ ಹುಳಿ ಬಂದರೆ ಹಾರ್ಟ್‌ಬರ್ನ್. ಹೆಸರಿನಲ್ಲಿ ಹಾರ್ಟ್ ಇದ್ದರೂ ಅದು ಅನ್ನನಾಳದ ತೊಂದರೆ. ಉರಿಮೂತ್ರಕ್ಕೆ ‘ಬರ್ನಿಂಗ್ ಯೂರಿನೇಷನ್’ ಎನ್ನಿ. ಅಂಗಾಲು ರಾತ್ರಿ ಹೊತ್ತು ಉರಿಯುತ್ತಿದ್ದರೆ ‘ಬರ್ನಿಂಗ್ ಫೀಟ್’ ಎನ್ನಿ, ಜೋಮು ಹಿಡಿಯುತ್ತದೋ ಅದನ್ನೂ ಸೇರಿಸಿ. ಸಕ್ಕರೆ ಕಾಯಿಲೆಯವರಲ್ಲಿ ನರಕ್ಕೆ ಪೆಟ್ಟು ಬಿದ್ದಿರುವ ಗುರುತು ಅದಾಗಿರಬಹುದು.

ನನಗೆ ಹೆಚ್ಚು ಭಯ ‘ಗ್ಯಾಸ್’ ಎಂಬ ಮಾತಿನದು. ಹೊಟ್ಟೆ ಉಬ್ಬರಿಸಿದರೆ ಬ್ಲೋಟಿಂಗ್, ತೇಗು ಬಂದರೆ ಬರ್ಪಿಂಗ್, ಕೆಳಗಿನಿಂದ ಹೋದರೆ ‘ಪಾಸಿಂಗ್ ಗ್ಯಾಸ್’. ನಾವೋ ಎದೆ ಹಿಡಿದರೂ, ಬೆನ್ನು ಚುಚ್ಚಿದರೂ ‘ಗ್ಯಾಸ್ಟ್ರಿಕ್ ಇರಬೇಕು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಗ್ಯಾಸ್ಟ್ರಿಕ್ ಎಂದರೆ ಜಠರಕ್ಕೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ, ಅದು ಕಾಯಿಲೆಯ ಹೆಸರಲ್ಲ. ಮೆಟ್ಟಿಲು ಹತ್ತುವಾಗ ಎದೆ ಅಮುಕಿದಂತಾಗಿ, ಕೂತರೆ ಕಡಿಮೆಯಾದರೆ ‘ಗ್ಯಾಸ್’ ಎನ್ನಬೇಡಿ. ‘ಚೆಸ್ಟ್ ಟೈಟ್‌ನೆಸ್ ಆನ್ ಕ್ಲೈಂಬಿಂಗ್ ಸ್ಟೇರ್ಸ್, ಬೆಟರ್ ವಿತ್ ರೆಸ್ಟ್’ ಎನ್ನಿ. ಅದನ್ನು ಕೇಳಿದ ಡಾಕ್ಟರು ಹೃದಯವನ್ನು ನೋಡದೆ ಕಳಿಸುವುದಿಲ್ಲ. ಕೂತಲ್ಲೇ ಎದೆ ಬಿಗಿದು, ತಣ್ಣನೆ ಬೆವರು ಬಂದು, ನೋವು ಎಡತೋಳಿಗೋ ದವಡೆಗೋ ಹರಿದರೆ ಸೋಡಾ, ಜೀರಿಗೆ ನೀರು ಕುಡಿಸಿ ಕಾಯಬಾರದು. 108ಕ್ಕೆ ಫೋನ್ ಮಾಡಿ, ಇಸಿಜಿ ತೆಗೆಯುವ ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಎದೆನೋವೇ ಇಲ್ಲದೆ ಬರೀ ಹೊಟ್ಟೆಯ ಮೇಲ್ಭಾಗ ಕಿವುಚಿದಂತಾಗಿ, ಸುಸ್ತಾಗಿ, ಉಸಿರು ಕಟ್ಟಿದಂತಾಗಿಯೂ ಹೃದಯಾಘಾತ ಬರಬಹುದು.