ಸರಿ–ತಪ್ಪು ಪ್ರಶ್ನೆಯ ಗುಟ್ಟು ಬಿಟ್ಟುಕೊಡುವ ಪದಗಳು

ಪ್ರಶ್ನೆ: ಜೀವಶಾಸ್ತ್ರದ ಸರಿ–ತಪ್ಪು ಪ್ರಶ್ನೆಗಳಿಗೆ ಪಾಠ ಓದದ ಮಕ್ಕಳೂ ಸರಿಯುತ್ತರ ಕೊಡುತ್ತಾರೆ. ಏಕೆ?

ಉತ್ತರ: ವಾಕ್ಯವೇ ಉತ್ತರ ಹೇಳಿಬಿಡುತ್ತದೆ. ‘ಸಸ್ಯಗಳು ರಾತ್ರಿ ಮಾತ್ರ ಉಸಿರಾಡುತ್ತವೆ’ ಎಂಬುದನ್ನೇ ನೋಡಿ. ‘ಮಾತ್ರ’, ‘ಎಂದಿಗೂ’ ಎಂಬ ಪದ ಕಂಡರೆ ‘ತಪ್ಪು’ ಎಂದು, ‘ಸಾಮಾನ್ಯವಾಗಿ’ ಕಂಡರೆ ‘ಸರಿ’ ಎಂದು ಬರೆಯುವುದು ಮಕ್ಕಳಿಗೆ ರೂಢಿ. ಸಸ್ಯ ಹಗಲಿನಲ್ಲೂ ಉಸಿರಾಡುತ್ತದೆಂಬುದು ಅವರಿಗೆ ತಿಳಿದಿರಬೇಕಿಲ್ಲ.

‘ಮಾತ್ರ’ ತೆಗೆದರೆ ಸಾಲದು. ‘ಸಸ್ಯಗಳು ರಾತ್ರಿ ಉಸಿರಾಡುತ್ತವೆ’ ಎಂಬುದು ನಿಜವಾದ್ದರಿಂದ ತಪ್ಪು ತಿಳಿವಳಿಕೆ ಇರುವವರೂ ಪಾರಾಗುತ್ತಾರೆ. ಆ ತಿಳಿವಳಿಕೆಗೆ ನೇರವಾಗಿ ತಗಲುವ ಸನ್ನಿವೇಶ ಬೇಕು: ‘ಮಧ್ಯಾಹ್ನದ ಬಿಸಿಲಿನಲ್ಲಿ ದಾಸವಾಳದ ಎಲೆಯ ಜೀವಕೋಶಗಳು ಉಸಿರಾಟಕ್ಕೆ ಆಮ್ಲಜನಕ ಬಳಸುತ್ತವೆ.’ ಇದು ಸರಿ. ಆದರೆ ಹಗಲಿನಲ್ಲಿ ದ್ಯುತಿಸಂಶ್ಲೇಷಣೆ, ರಾತ್ರಿಯಲ್ಲಿ ಉಸಿರಾಟ ಎಂದು ನಂಬಿದವರು ‘ತಪ್ಪು’ ಎನ್ನುತ್ತಾರೆ. ನಿಜವಾಗಿ ಮೈಟೊಕಾಂಡ್ರಿಯಾಗಳು ಹಗಲೂ ರಾತ್ರಿಯೂ ಕೆಲಸ ಮಾಡುತ್ತವೆ. ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆಯ ವೇಗ ಹೆಚ್ಚಿರುವುದರಿಂದ ಎಲೆ ಬಳಸುವುದಕ್ಕಿಂತ ಹೆಚ್ಚು ಆಮ್ಲಜನಕ ತಯಾರಿಸುತ್ತದೆ. ಉಸಿರಾಟ ಹೊರಗೆ ಕಾಣುವುದಿಲ್ಲ, ಅಷ್ಟೆ.

ಒಂದೇ ವಾಕ್ಯಕ್ಕೆ ಎರಡು ವಿಚಾರ ತುರುಕಬೇಡಿ. ಯಾವುದರಲ್ಲಿ ಎಡವಿದರೆಂದು ಆಗ ತಿಳಿಯುವುದಿಲ್ಲ.

ಊಹೆಯಿಂದಲೇ ಸರಿಯಾಗುವ ಸಾಧ್ಯತೆ ಮಾತ್ರ ಅರ್ಧದಷ್ಟು ಉಳಿದೇ ಇರುತ್ತದೆ. ಆದ್ದರಿಂದ ಉತ್ತರದ ಕೆಳಗೆ ಒಂದು ಸಾಲಿನ ಕಾರಣ ಕೇಳಿ. ‘ಹಗಲಿನಲ್ಲಿ ಎಲೆ ಆಮ್ಲಜನಕ ಬಿಡುತ್ತದೆ, ತೆಗೆದುಕೊಳ್ಳುವುದಿಲ್ಲ’ ಎಂದು ಬರೆದವರಿಗೆ ಆ ಪಾಠವನ್ನು ಎಲ್ಲಿಂದ ಮತ್ತೆ ಹೇಳಬೇಕೆಂಬುದು ಅಲ್ಲೇ ತಿಳಿಯುತ್ತದೆ.