ಎಎಂಎಚ್ ಕಡಿಮೆ ಬಂತಾ?

ವಯಸ್ಸು 33. ಮುಟ್ಟು ತಿಂಗಳು ತಿಂಗಳೂ ಸರಿಯಾಗಿ ಆಗುತ್ತೆ. ರಿಪೋರ್ಟ್‌ನಲ್ಲಿ ಮಾತ್ರ ಎಎಂಎಚ್ 0.6, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಕಡಿಮೆ’. ಮಗು ಆಗಲ್ವಾ ಹಾಗಾದ್ರೆ?

ಆ ನಂಬರ್ ಹಾಗೆ ಹೇಳ್ತಿಲ್ಲ. ಅಂಡಾಶಯದಲ್ಲಿ ಬೆಳೀತಿರೋ ಪುಟ್ಟ ಪುಟ್ಟ ಕೋಶಕಗಳು ಈ ಹಾರ್ಮೋನ್ ಬಿಡುತ್ತವೆ. ಕೋಶಕ ಕಡಿಮೆಯಿದ್ರೆ ಹಾರ್ಮೋನೂ ಕಡಿಮೆ. ಅಂದ್ರೆ ಇದು ಉಗ್ರಾಣದ ಲೆಕ್ಕ. ಆದರೆ ಬಸಿರಾಗೋಕೆ ಆ ತಿಂಗಳಿಗೆ ಬೇಕಿರೋದು ಒಂದೇ ಒಂದು ಒಳ್ಳೆ ಅಂಡಾಣು. ಅದರ ಗುಣಮಟ್ಟ ಬಹುಮಟ್ಟಿಗೆ ವಯಸ್ಸಿನ ಮೇಲೆ ನಿಂತಿದೆ. ಅದನ್ನ ಎಎಂಎಚ್ ಅಳೆಯೋದೇ ಇಲ್ಲ.

ಅಮೆರಿಕದಲ್ಲಿ, ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವಯಸ್ಸಿನ ಸುಮಾರು 750 ಹೆಂಗಸರನ್ನ ಗಮನಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ಋತುಚಕ್ರದೊಳಗೆ ಬಸಿರಾಗೋ ಸಾಧ್ಯತೆ ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 65, ಸರಿಯಾಗಿದ್ದವರಲ್ಲಿ ಶೇ. 62. ಹೆಚ್ಚುಕಮ್ಮಿ ಒಂದೇ!

ಹಾಗಂತ ರಿಪೋರ್ಟ್ ಹರಿದು ಹಾಕಬೇಡಿ. ಐವಿಎಫ್‌ಗೋ, ಅಂಡಾಣು ಫ್ರೀಜ್ ಮಾಡಿಸೋಕೋ ಹೋದ್ರೆ ಇದು ನಿಜವಾಗ್ಲೂ ಬೇಕು. ಇಂಜೆಕ್ಷನ್ ಕೊಟ್ಟಾಗ ಎಷ್ಟು ಅಂಡಾಣು ಸಿಗಬಹುದು ಅಂತ ಅಂದಾಜು ಕೊಡುತ್ತೆ.

ಇನ್ನೊಂದು ಮಾತು. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಎಎಂಎಚ್ ತಾನಾಗೇ ಇಳಿದಿರಬಹುದು. ಡಾಕ್ಟರಿಗೆ ಅದನ್ನ ಮೊದಲೇ ಹೇಳಿ.