ಸಾಗರದ ಕಾಣದ ಹರಿವನ್ನು ಅಳೆಯುವುದು ಹೇಗೆ?

ಜಗತ್ತಿನ ಎಲ್ಲ ನದಿಗಳನ್ನು ಸೇರಿಸಿದರೂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ನೀರು ಸಾಗಿಸುವ ಒಂದು ಹರಿವು ಅಟ್ಲಾಂಟಿಕ್ ಸಾಗರದಲ್ಲಿದೆ. ಮೇಲೆ ಬೆಚ್ಚಗಿನ ನೀರು ಉತ್ತರಕ್ಕೆ, ಆಳದಲ್ಲಿ ತಣ್ಣಗಿನ ನೀರು ದಕ್ಷಿಣಕ್ಕೆ. ಅದು ದುರ್ಬಲವಾಗ್ತಿದೆ ಅನ್ನೋ ಸುದ್ದಿ ನೀವೂ ಓದಿರ್ತೀರಿ. ಆದರೆ ಕಣ್ಣಿಗೇ ಕಾಣದ ಹರಿವು ಕಡಿಮೆಯಾಯ್ತು ಅಂತ ಗೊತ್ತಾಗೋದು ಹೇಗೆ? ಇವತ್ತು ಅದನ್ನೇ ನೋಡೋಣ.

ಮೊದಲು, ಈ ನೀರು ಮುಳುಗೋದು ಯಾಕೆ? ತಣ್ಣಗಿನ ನೀರು ಭಾರ. ಉಪ್ಪು ಹೆಚ್ಚಿದ್ದರೆ ಇನ್ನೂ ಭಾರ. ಉಷ್ಣವಲಯದ ಬಿಸಿಲಲ್ಲಿ ಆವಿಯಾಗಿ ಉಪ್ಪು ಹೆಚ್ಚಿಸಿಕೊಂಡ ನೀರು ಉತ್ತರಕ್ಕೆ ಸಾಗಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಸುತ್ತಮುತ್ತ ತಲುಪುತ್ತೆ. ಅಲ್ಲಿನ ಚಳಿಗಾಳಿಗೆ ತನ್ನ ಶಾಖ ಬಿಟ್ಟುಕೊಟ್ಟು, ಭಾರವಾಗಿ, ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಇಳಿಯುತ್ತೆ. ಬಹುಪಾಲು ನೀರು ಮತ್ತೆ ಮೇಲೆ ಬರೋದು ದೂರದ ಅಂಟಾರ್ಕ್ಟಿಕಾ ಸುತ್ತಲಿನ ಸಾಗರದಲ್ಲಿ, ಅಲ್ಲಿನ ಬಲವಾದ ಗಾಳಿಯ ಎಳೆತದಿಂದ. ಇಡೀ ಸುತ್ತು ಮುಗಿಯೋಕೆ ಸುಮಾರು ಸಾವಿರ ವರ್ಷ ಬೇಕು.

ಚಳಿ ಒಂದೇ ಸಾಕಾಗೋದಿಲ್ಲ ಅನ್ನೋದಕ್ಕೆ ಉತ್ತರ ಪೆಸಿಫಿಕ್ ಸಾಕ್ಷಿ. ಅಲ್ಲೂ ಚಳಿ ಕಡಿಮೆಯೇನಲ್ಲ. ಆದರೆ ಅಲ್ಲಿನ ಮೇಲ್ಪದರದ ಒಂದು ಕಿಲೋ ನೀರಲ್ಲಿ ಸುಮಾರು 33 ಗ್ರಾಂ ಉಪ್ಪಿದ್ದರೆ, ಉತ್ತರ ಅಟ್ಲಾಂಟಿಕ್‌ನಲ್ಲಿ ಸುಮಾರು 35 ಗ್ರಾಂ. ಆ ಎರಡು ಗ್ರಾಂ ಕೊರತೆಯಿಂದಾಗಿ ಪೆಸಿಫಿಕ್ ನೀರು ಎಷ್ಟೇ ತಣ್ಣಗಾದರೂ ತಳದವರೆಗೆ ಇಳಿಯೋದಿಲ್ಲ. ಗ್ರೀನ್‌ಲ್ಯಾಂಡ್‌ನ ಹಿಮ ಕರಗಿ ಸಿಹಿನೀರು ಅಟ್ಲಾಂಟಿಕ್‌ಗೆ ಸೇರ್ತಿದೆ ಅಂದಾಗ ವಿಜ್ಞಾನಿಗಳು ಚಿಂತೆ ಮಾಡೋದು ಇದಕ್ಕೇ.

ಈಗ ಅಳತೆಯ ವಿಷಯ. 2004ರಿಂದ ‘ರ‍್ಯಾಪಿಡ್’ ಅನ್ನೋ ಯೋಜನೆ 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬಹಾಮಾಸ್‌ನಿಂದ ಆಫ್ರಿಕಾ ತೀರದವರೆಗೆ, ಈ ಹರಿವಿನ ಮೇಲೆ ಕಣ್ಣಿಟ್ಟಿದೆ. ಸಾಗರದ ಉದ್ದಕ್ಕೂ ಉಪಕರಣ ಸಾಲಾಗಿ ನಿಲ್ಲಿಸಬೇಕಿಲ್ಲ. ಭೂಮಿ ತಿರುಗ್ತಿರೋದರಿಂದ, ಪೂರ್ವದ ಅಂಚು ಮತ್ತು ಪಶ್ಚಿಮದ ಅಂಚಿನ ನೀರಿನ ಸಾಂದ್ರತೆಯ ವ್ಯತ್ಯಾಸಕ್ಕೂ, ನಡುವೆ ಉತ್ತರ-ದಕ್ಷಿಣವಾಗಿ ಹರಿಯುವ ನೀರಿಗೂ ನೇರ ಸಂಬಂಧ ಇದೆ. ಹಾಗಾಗಿ ಮುಖ್ಯವಾಗಿ ಅಂಚುಗಳಲ್ಲಿ, ತಳಕ್ಕೆ ಕಟ್ಟಿ ನಿಲ್ಲಿಸಿದ ತಂತಿಗಳ ಮೇಲೆ ಉಷ್ಣತೆ ಮತ್ತು ಉಪ್ಪು ಅಳೆಯುವ ಉಪಕರಣಗಳಿವೆ.

ಫ್ಲೋರಿಡಾ ಮತ್ತು ಬಹಾಮಾಸ್ ನಡುವಿನ ಕಿರಿದಾದ ಜಲಸಂಧಿಗೆ ಮಾತ್ರ ಬೇರೆ ಉಪಾಯ. ಉಪ್ಪುನೀರು ವಿದ್ಯುತ್ ಹರಿಯಬಿಡುತ್ತೆ. ಅದು ಭೂಮಿಯ ಕಾಂತಕ್ಷೇತ್ರದಲ್ಲಿ ಚಲಿಸಿದಾಗ ಸಣ್ಣ ವೋಲ್ಟೇಜ್ ಹುಟ್ಟುತ್ತೆ. ಸಮುದ್ರತಳದ ಟೆಲಿಫೋನ್ ಕೇಬಲ್‌ನಲ್ಲಿ ಆ ವೋಲ್ಟೇಜ್ ಓದಿ, ಎಷ್ಟು ನೀರು ದಾಟಿತು ಅಂತ 1982ರಿಂದ ಲೆಕ್ಕ ಹಾಕ್ತಾ ಬಂದಿದ್ದಾರೆ.

ಎಲ್ಲ ಕೂಡಿಸಿದಾಗ ಸಿಕ್ಕ ಸರಾಸರಿ, ಸೆಕೆಂಡಿಗೆ ಸುಮಾರು 170 ಲಕ್ಷ ಘನ ಮೀಟರ್. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು 41 ಲಕ್ಷ ಜೂಲ್ ಶಾಖ ಹೊರಬರುತ್ತೆ. ಉತ್ತರಕ್ಕೆ ಹೋಗೋ ನೀರಿಗಿಂತ ಹಿಂದಿರುಗೋ ನೀರು ಸುಮಾರು 16 ಡಿಗ್ರಿ ತಣ್ಣಗಿರುತ್ತೆ ಅಂತ ಇಟ್ಟುಕೊಳ್ಳಿ. ಮೂರನ್ನೂ ಗುಣಿಸಿ: ಒಂದು ಪೆಟಾವ್ಯಾಟ್‌ಗಿಂತ ತುಸು ಹೆಚ್ಚು. ಮನುಷ್ಯರೆಲ್ಲ ಸೇರಿ ಬಳಸುವ ಶಕ್ತಿಯ ಐವತ್ತು ಪಟ್ಟು!

ಹಾಗಾದರೆ ಹರಿವು ಇಳೀತಿದೆಯಾ? 2009-10ರಲ್ಲಿ ಅದು ಸುಮಾರು ಶೇ 30ರಷ್ಟು ಕುಸಿಯಿತು. ಆಮೇಲೆ ಚೇತರಿಸಿಕೊಂಡಿತು, ಆ ಕುಸಿತದಲ್ಲಿ ಗಾಳಿಯ ಪಾತ್ರ ದೊಡ್ಡದಿತ್ತು. ಅಂದರೆ ಒಂದೆರಡು ವರ್ಷದ ಅಂಕಿ ನೋಡಿ ತೀರ್ಪು ಕೊಡೋ ಹಾಗಿಲ್ಲ.

ಇನ್ನೊಂದು ತೊಡಕು 2024ರಲ್ಲಿ ಬೆಳಕಿಗೆ ಬಂತು. ಭೂಮಿಯ ಕಾಂತಕ್ಷೇತ್ರವೇ ನಿಧಾನವಾಗಿ ಬದಲಾಗ್ತಿದೆ. ಅದರಿಂದ ಕೇಬಲ್‌ನ ವೋಲ್ಟೇಜ್ ತಗ್ಗಿದ್ದನ್ನು ನೀರೇ ತಗ್ಗಿದೆ ಅಂತ ಓದಲಾಗಿತ್ತು. ತಿದ್ದಿ ನೋಡಿದಾಗ ಫ್ಲೋರಿಡಾದ ಪ್ರವಾಹ ನಾಲ್ಕು ದಶಕದಿಂದ ಹೆಚ್ಚುಕಮ್ಮಿ ಸ್ಥಿರವಾಗಿತ್ತು. ಒಟ್ಟು ಹರಿವಿನಲ್ಲಿ ಕಂಡಿದ್ದ ಇಳಿಕೆಯೂ ಸುಮಾರು ಶೇ 40ರಷ್ಟು ಚಿಕ್ಕದಾಯ್ತು.

ಹಾಗಂತ ನಿಶ್ಚಿಂತೆಯಾಗಿರೋ ಹಾಗಿಲ್ಲ. ಈ ಶತಮಾನದಲ್ಲಿ ಹರಿವು ತಗ್ಗುವ ಸಾಧ್ಯತೆ ಬಹಳ ಹೆಚ್ಚು ಅಂತ 2021ರ ಐಪಿಸಿಸಿ ವರದಿ ಹೇಳುತ್ತೆ. 2100ಕ್ಕೆ ಮೊದಲು ಹಠಾತ್ತಾಗಿ ಕುಸಿಯೋದಿಲ್ಲ ಅನ್ನೋದರ ಬಗ್ಗೆ ಅದಕ್ಕಿರೋದು ಮಧ್ಯಮ ಮಟ್ಟದ ವಿಶ್ವಾಸ ಮಾತ್ರ. ಹರಿವು ತೀರಾ ದುರ್ಬಲವಾದರೆ ಉತ್ತರಕ್ಕೆ ಹೋಗೋ ಶಾಖ ಕಡಿಮೆಯಾಗಿ, ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತೆ, ಭಾರತದ ಮುಂಗಾರೂ ಕುಗ್ಗುತ್ತೆ ಅಂತ ಹವಾಮಾನ ಮಾದರಿಗಳು ತೋರಿಸ್ತವೆ. ಲಂಡನ್ನಿನ ಚಳಿಗೂ ನಮ್ಮೂರ ಮಳೆಗೂ ಇರೋ ನಂಟು ಇದು.

ಮುಂದಿನ ಸಲ ಇಂಥ ತಲೆಬರಹ ಕಂಡಾಗ ಎರಡು ಪ್ರಶ್ನೆ ಕೇಳಿ: ಎಷ್ಟು ವರ್ಷದ ಅಳತೆ? ಅಳೆದದ್ದು ಯಾವುದರಿಂದ?